ಕೊಲ್ಹಾರ ಬ್ರಿಜ್ಜಿನ ಈಚೆ

ವಿಜಯಪುರದಿಂದ ಹುಬ್ಬಳ್ಳಿಗೆ ಹೊರಟಿದ್ದೆವು. ಕೊಲ್ಹಾರದ ಕೃಷ್ಣಾ ಸೇತುವೆ ಇನ್ನೂ ಎರಡು ಕಿಲೋಮೀಟರ್ ಇರುವಾಗ ಗಾಡಿ ಎರಡು ಸಲ ಮುಗ್ಗರಿಸಿ, ಬೇವಿನ ಗಿಡದ ಹತ್ತಿರ ನಿಂತೇಬಿಟ್ಟಿತು.

ಅಪ್ಪ ಕೀಲಿ ತಿರುವಿದ. ಟಕ್ ಟಕ್, ಅಷ್ಟೇ.

"ಬ್ಯಾಟರಿ ಹೋತು. ಯಾರರ ವಾಯರ್ ಕೊಟ್ಟರ ಚಾಲೂ ಆಗ್ತದ."

"ತಡಿ ಅಪ್ಪಾ. ಬ್ಯಾಟರಿ ಚಿತ್ರದ ಕೆಂಪು ಲೈಟ್ ಯಾವಾಗ ಹತ್ತಿತ್ತು?"

"ಊರು ಬಿಟ್ಟು ಸ್ವಲ್ಪ ಹೊತ್ತಿಗೆ. ಗಾಡಿ ಓಡ್ತಿತ್ತಲ್ಲ, ಬಿಟ್ಟೆ."

"ಎಸಿ?"

"ಆವಾಗಿಂದನ ಬರೇ ಬಿಸಿಗಾಳಿ."

"ಸ್ಟೇರಿಂಗ್?"

ಅಪ್ಪ ಭುಜ ತಿಕ್ಕಿಕೊಂಡ. "ಎತ್ತಿನ ನೊಗ ತಿರುವಿದಂಗ ಆತವಾ."

ಬ್ಯಾಟರಿಯೊಂದೇ ಕೆಟ್ಟಿದ್ದರೆ ಎಸಿ, ಸ್ಟೇರಿಂಗ್ ಒಂದೇ ಗಳಿಗೆಗೆ ಯಾಕೆ ಮುನಿಸಿಕೊಳ್ಳಬೇಕು? ನಮ್ಮ ಹಳೇ ಪೆಟ್ರೋಲ್ ಗಾಡಿಯಲ್ಲಿ ಬ್ಯಾಟರಿ ತುಂಬಿಸುವ ಆಲ್ಟರ್ನೇಟರ್, ಎಸಿ ಕಂಪ್ರೆಸರ್, ಸ್ಟೇರಿಂಗ್ ಪಂಪು ಮೂರನ್ನೂ ತಿರುಗಿಸುವುದು ಒಂದೇ ಬೆಲ್ಟು. ಅದು ಹೋದರೆ ಚಾರ್ಜ್ ನಿಂತು, ಸ್ಪಾರ್ಕಿಗೂ ಬ್ಯಾಟರಿಯನ್ನೇ ಹಿಂಡಬೇಕು. ಹಿಂಡಿ ಮುಗಿದಿತ್ತು.

ಬಾನೆಟ್ ಎತ್ತಿದೆ. ಪುಲ್ಲಿಗಳು ಬೋಳು. ಕೆಳಗೆ ಕರೀ ರಬ್ಬರಿನ ಎಳೆಗಳು ಹರಿದ ಸೆರಗಿನಂತೆ ಜೋತಾಡುತ್ತಿದ್ದವು.

"ವಾಯರ್ ಕೊಟ್ಟು ಚಾಲೂ ಮಾಡಿದ್ರೂ ಮತ್ತ ನಿಲ್ತದ. ಬೆಲ್ಟು ಬೇಕು, ತುಂಬಿದ ಬ್ಯಾಟರಿನೂ ಬೇಕು."

ಉಳಿದ ತುಂಡಿನ ಮೇಲಿನ ನಂಬರನ್ನು ಕೊಲ್ಹಾರದ ಮೇಸ್ತ್ರಿಗೆ ಫೋನಿನಲ್ಲಿ ಓದಿ ಹೇಳಿದೆ. ಅಪ್ಪ ಗಿಡದ ನೆರಳಲ್ಲಿ ಬುತ್ತಿ ಬಿಚ್ಚಿದ.

"ಆ ಕೆಂಪು ಲೈಟಿನ ಸುದ್ದಿ ನಿಮ್ಮವ್ವಗ ಹೇಳಬ್ಯಾಡ," ಎಂದು ಶೇಂಗಾ ಚಟ್ನಿಯನ್ನು ನನ್ನ ಕಡೆ ಸರಿಸಿದ.