ಚಂದಪ್ಪ ಯಾಕೆ ಬೆನ್ನು ಬಿಡಲ್ಲ

ತಮ್ಮಾ, ಬಸ್ಸಿನ ಕಿಟಕಿಯಿಂದ ತಲೆ ಒಳಗೆ ತಗೋ. ಚಂದಪ್ಪ ಯಾಕೆ ನಮ್ಮ ಜೊತೆಗೇ ಬರ್ತಾನೆ ಅಂತ ಕೇಳಿದೆಯಲ್ಲ, ಹೇಳ್ತೀನಿ.

ಆಗ ತುಂಗಭದ್ರೆಗೆ ಡ್ಯಾಮೂ ಇರಲಿಲ್ಲ, ಕಾರಟಗಿ ಕಡೆ ಈ ಭತ್ತದ ಗದ್ದೆಗಳೂ ಇರಲಿಲ್ಲ. ಬರೀ ಜೋಳದ ಹೊಲ. ಆನೆಗೊಂದಿಯ ಗಂಗಿಯನ್ನು ಸಿಂಧನೂರು ಕಡೆ ಕೊಟ್ಟಿದ್ದರು. ಹೊತ್ತು ಮುಳುಗಿದ ಮೇಲೆ ಬಂಡಿ ಹೊರಟಿತು, ಹುಡುಗಿ ಒಂದೇ ಸಮನೆ ಅಳು. ಜೊತೆಗೆ ಯಾರಾದರೂ ಬನ್ನಿ ಅಂತ ಕಂಡಕಂಡವರನ್ನೆಲ್ಲ ಕರೆದಳು.

ದಾರಿಬದಿಯ ಜಾಲಿ ಮರ ಹೂಂ ಅಂದಿತು. ಎತ್ತು ನಾಲ್ಕು ಹೆಜ್ಜೆ ಹಾಕುವುದರೊಳಗೆ ಹಿಂದೆ ಬಿತ್ತು. ಹತ್ತಿರದವರು ಹೀಗೇ ನೋಡು, ಎದುರಿಗಿದ್ದಾಗ ಎಷ್ಟು ದೊಡ್ಡದಾಗಿ ಕಾಣ್ತಾರೋ ಅಷ್ಟೇ ಬೇಗ ಮಾಯ! ಅಂಜನಾದ್ರಿ ಬೆಟ್ಟ ಸ್ವಲ್ಪ ವಾಸಿ, ದೂರದಲ್ಲಿತ್ತಲ್ಲ, ಬಹಳ ಹೊತ್ತು ಕಾಣಿಸಿಕೊಂಡು ಬಂತು. ಆಮೇಲೆ, "ನನ್ನ ತಲೆ ಮೇಲೆ ಹನುಮಪ್ಪ ಕೂತಿದ್ದಾನವ್ವಾ, ನಾನು ಒಲ್ಲೆ" ಅಂತ ಅದೂ ನಿಂತಿತು.

ಚಂದಪ್ಪ ಮಾತ್ರ ಬಂದ. ಬಂಡಿ ಓಡಿದರೆ ಓಡಿದ, ಎತ್ತಿಗೆ ನೀರು ಕುಡಿಸಲು ನಿಂತರೆ ನಿಂತ. ಗಂಗಿ ಕಣ್ಣು ಒರೆಸಿಕೊಂಡು, "ನಿನಗೆ ಕಾಲು ನೋಯಲ್ವಾ?" ಅಂತ ಕೇಳಿದಳು.

"ನಾನೆಲ್ಲಿ ನಡೆದೆ? ನಾನಿರುವ ಎತ್ತರದಿಂದ ನೋಡಿದರೆ ನಿನ್ನ ತವರೂ ಅತ್ತೆ ಮನೆಯೂ ಒಂದೇ ಅಂಗಳದಲ್ಲಿವೆ" ಅಂದ ಚಂದಪ್ಪ.

ಸುಳ್ಳಲ್ಲ ಕಣೋ. ನಿಮ್ಮ ಮಾವ ಲೆಕ್ಕ ಮಾಡಿ ತೋರಿಸಿದ್ದ. ಚಂದಪ್ಪ ಇರುವುದು ಸುಮಾರು 3,84,000 ಕಿಲೋಮೀಟರ್ ಆಚೆ. ಈ ಬಸ್ಸು ತಾಸಿಗೆ 50ರಂತೆ, ಚಹಾಕ್ಕೂ ನಿಲ್ಲಿಸದೆ ಹಗಲು ರಾತ್ರಿ ಓಡಿದರೂ ಮುಟ್ಟೋಕೆ ಹತ್ತು ತಿಂಗಳ ಮೇಲಾಗುತ್ತೆ. ಅಷ್ಟು ದೂರದವನಿಗೆ ನಾವು ಗಂಗಾವತಿಯಿಂದ ಇಲ್ಲಿಗೆ ಬಂದಿದ್ದು ಏನು ಮಹಾ? ಸರಿದ ಹಾಗೇ ಇಲ್ಲ. ಅದಕ್ಕೇ ಮರ ಹಿಂದೆ ಓಡುತ್ತೆ, ಅವನು ಕಿಟಕಿಯಲ್ಲೇ ಇರ್ತಾನೆ.

ಏನು, ಆ ಕಡೆ ಕಿಟಕಿಗೆ ಹೋದನಾ? ಅವನು ಹೋಗಿಲ್ಲ, ಡ್ರೈವರ್ ಬಸ್ಸು ತಿರುಗಿಸಿದ. ಈಗ ಇನ್ನೊಂದು ತಿರುವು ಬರುತ್ತೆ, ನೋಡ್ತಿರು.

ಕಥೆ ಮುಗಿದಿಲ್ಲ. ಮೊದಲ ಹಬ್ಬಕ್ಕೆ ಗಂಗಿ ತವರಿಗೆ ಬಂದಳು. "ಅವ್ವಾ, ಅವತ್ತು ಚಂದಪ್ಪ ನನ್ನನ್ನು ಅತ್ತೆ ಮನೆ ಬಾಗಿಲ ತನಕ ಕಳಿಸಿ ಬಂದ" ಅಂದಳು. ಅವ್ವ ಜೋಳ ಕೇರುತ್ತಿದ್ದವಳು ಮೊರ ಕೆಳಗಿಟ್ಟಳು.

"ಹೋಗೇ, ನೀನು ಹೋದ ರಾತ್ರಿಯೆಲ್ಲ ಅವನು ನಮ್ಮ ಬಣವೆ ಮೇಲೇ ಇದ್ದ. ನಾನು ಹಿತ್ತಲಿಗೆ ಹೋದರೆ ಹಿತ್ತಲಿಗೂ ಬಂದ."

ಅವ್ವ ಮಗಳಿಗೆ ಜಗಳವೇ ಹತ್ತಿತು. ಗಂಗಿ ಗಂಡ ಹೊಸ ಅಳಿಯ, ಹೋಳಿಗೆ ಮುಂದೆ ಕೂತಿದ್ದ. ನ್ಯಾಯ ಹೇಳು ಅಂದರು. ಬುದ್ಧಿವಂತ, ಬಾಯಿ ತುಂಬ ಹೋಳಿಗೆ ತುಂಬಿಕೊಂಡು ಸುಮ್ನೆ ಇಬ್ಬರಿಗೂ ತಲೆ ಆಡಿಸಿದ.