ಸಂಬಳ ಪರಿಷ್ಕರಣೆ: ಕರೂರು ಗಾರ್ಮೆಂಟ್ ಘಟಕದಲ್ಲಿ ಏಪ್ರಿಲ್ ಸಭೆಯ ಮಾತು

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳಿಸ್ತಿದೆಯಾ? ಫ್ಯಾನ್ ಸ್ವಲ್ಪ ಕಡಿಮೆ ಮಾಡಿ ಅಣ್ಣ. ಮಂಡಕ್ಕಿ-ಮಿರ್ಚಿ ಬರುವುದಕ್ಕೆ ಇನ್ನೂ 20 ನಿಮಿಷ ಇದೆ, ಅಷ್ಟರಲ್ಲಿ ಮುಗಿಸುತ್ತೇನೆ.

ಮೊದಲು ಒಂದು ಗೊಂದಲ ಬಿಡಿಸೋಣ. ಏಪ್ರಿಲ್ 1ರಿಂದ ಸರ್ಕಾರ ಏರಿಸುವ ತುಟ್ಟಿಭತ್ಯೆ ಬೇರೆ, ನಾವು ಕೊಡುವ ಇನ್‌ಕ್ರಿಮೆಂಟ್ ಬೇರೆ. ತುಟ್ಟಿಭತ್ಯೆ ಎಲ್ಲರಿಗೂ ಬರುತ್ತದೆ, ಅದಕ್ಕೆ ಮಾರ್ಕ್ಸ್ ಇಲ್ಲ. ಅದನ್ನು ಇನ್‌ಕ್ರಿಮೆಂಟ್ ಲೆಕ್ಕದಲ್ಲಿ ತೋರಿಸಿ ನಿಮಗೆ ಲಾಭ ಮಾಡಿಕೊಟ್ಟೆವು ಅಂತ ನಾವು ಹೇಳುವುದಿಲ್ಲ.

ಇನ್‌ಕ್ರಿಮೆಂಟ್ ಮೂರು ದರ್ಜೆ: ಎ ಬಂದವರಿಗೆ 8%, ಬಿ 5%, ಸಿ 3%. ನೋಡಿದ್ದು ಪೀಸ್ ಲೆಕ್ಕ, ಚೆಕಿಂಗ್ ಟೇಬಲ್‌ನಲ್ಲಿ ವಾಪಸ್ ಬಂದ ಆಲ್ಟರ್, ಹಾಜರಿ. ಹೆರಿಗೆ ರಜೆ ಹಾಜರಿಯಲ್ಲಿ ಕಳೆದಿಲ್ಲ. ಜನವರಿಯಲ್ಲಿ ಮೂರನೇ ಲೈನ್‌ಗೆ ಜಾಕೆಟ್ ಬಂತಲ್ಲ, ಕೈ ಕೂರುವವರೆಗೆ ಪೀಸ್ ಬೀಳಲೇ ಇಲ್ಲ. ಆ 2 ವಾರ ಲೆಕ್ಕದಿಂದ ಬಿಟ್ಟಿದ್ದೇವೆ. ತಪ್ಪು ಸ್ಟೈಲ್‌ನದ್ದು, ಟೈಲರ್‌ದಲ್ಲ.

ಈಗ ಸ್ಲಿಪ್ ನೋಡಿ ಸಿಟ್ಟು ಬರುವ ಜಾಗ. ಬೇಸಿಕ್, ತುಟ್ಟಿಭತ್ಯೆ ಸೇರಿ 14,000 ಇರುವ ಒಬ್ಬ ಅಕ್ಕನನ್ನು ತೆಗೆದುಕೊಳ್ಳಿ. ಬಿ ಬಂತು, 5% ಅಂದರೆ 700 ರೂಪಾಯಿ. ಕೈಗೆ 700 ಬರುವುದಿಲ್ಲ. ಪಿಎಫ್ 12%ಕ್ಕೆ 84 ಹೋಗುತ್ತದೆ, ಇಎಸ್‌ಐಗೆ ಸುಮಾರು 5. ಉಳಿಯುವುದು 611ರ ಆಸುಪಾಸು. ಆ 84 ಎಲ್ಲೂ ಹೋಗಿಲ್ಲ, ನಿಮ್ಮ ಪಿಎಫ್ ಖಾತೆಯಲ್ಲಿದೆ. ಕಂಪನಿಯೂ ಅಷ್ಟೇ ಹಾಕುತ್ತದೆ, ಅದರಲ್ಲಿ ದೊಡ್ಡ ಪಾಲು ಪಿಂಚಣಿಗೆ.

ಇನ್ನೊಂದು ಮಾತು ಕಟಿಂಗ್‌ನವರಿಗೆ, ಸೂಪರ್‌ವೈಸರ್‌ಗಳಿಗೆ. ತಿಂಗಳ ಸಂಬಳ 21,000 ದಾಟಿದರೆ ಇಎಸ್‌ಐ ಯಾವಾಗ ನಿಲ್ಲುತ್ತದೆ ಅನ್ನುವುದು ಯಾವ ತಿಂಗಳು ದಾಟಿತು ಅನ್ನುವುದರ ಮೇಲಿದೆ. ಏಪ್ರಿಲ್ 1ರಿಂದಲೇ ದಾಟಿದರೆ ಕಡಿತ ಆಗಲೇ ನಿಲ್ಲುತ್ತದೆ; ಏಪ್ರಿಲ್ ಮುಗಿದ ಮೇಲೆ ನಡುವೆ ದಾಟಿದರೆ ಸೆಪ್ಟೆಂಬರ್‌ವರೆಗೆ ಕಡಿತ ಇರುತ್ತದೆ, ಆಸ್ಪತ್ರೆ ಸೌಲಭ್ಯವೂ ಇರುತ್ತದೆ. ಆಮೇಲೆ ಏನು ಅಂತ ಕೇಳ್ತೀರಿ, ಗೊತ್ತು. ನಿಮಗೂ ಮನೆಯವರಿಗೂ ಕಂಪನಿಯೇ ವಿಮೆ ಮಾಡಿಸುತ್ತದೆ. ಲೆಟರ್‌ನಲ್ಲೇ ಬರೆದಿದೆ, ಬಾಯಿಮಾತಲ್ಲ.

ಏನಮ್ಮ, ಹೇಳಿ. "ನನ್ನ ಪಕ್ಕದವಳಿಗೆ ಎಷ್ಟು?" ಅದನ್ನು ಮಾತ್ರ ಹೇಳುವುದಿಲ್ಲ. ನಿಮ್ಮ ಮಾರ್ಕ್ಸ್ ಯಾಕೆ ಇಷ್ಟು ಅಂತ ಕೇಳಿ, ರಿಜಿಸ್ಟರ್ ತೆಗೆದು ದಿನದಿನದ ಪೀಸ್ ತೋರಿಸುತ್ತೇನೆ.

ಹೋದ ವರ್ಷ ಕೆಲವರಿಂದ ಖಾಲಿ ಫಾರಂಗೆ ಸಹಿ ಹಾಕಿಸಿಕೊಂಡಿದ್ದೆವು. ಅದು ನಮ್ಮ ತಪ್ಪು. ಈ ಸಲ ಲೆಟರ್ ಕನ್ನಡದಲ್ಲಿದೆ. ಮನೆಗೆ ಒಯ್ದು ಓದಿಸಿ, ಆಮೇಲೆ ಸಹಿ ಹಾಕಿ. ಒಪ್ಪಿಗೆ ಇಲ್ಲದಿದ್ದರೆ 15 ದಿನದೊಳಗೆ ಬರೆದು ಕೊಡಿ. ಮಾರ್ಕ್ಸ್ ಹಾಕಿದ ಸೂಪರ್‌ವೈಸರ್ ಅದನ್ನು ನೋಡುವುದಿಲ್ಲ, ಬೇರೆ ಲೈನ್‌ನವರು ನೋಡುತ್ತಾರೆ. ದೂರು ಕೊಟ್ಟಿದ್ದಕ್ಕೆ ಲೈನ್ ಬದಲಿಸಿದರೆ ನೇರ ನನ್ನ ಹತ್ತಿರ ಬನ್ನಿ.

ಹೊಸ ಸಂಬಳ ಮೇ 7ರೊಳಗೆ ಬರುತ್ತದೆ. ಲೆಟರ್ ಈಗಲೇ ಕೊಡುತ್ತೇವೆ, ಒಂದನೇ ಲೈನ್‌ನವರು ಮೊದಲು ಬನ್ನಿ. ನೂಕಬೇಡಿ, ಎಲ್ಲರದ್ದೂ ಇದೆ.