ವಾಟ

ಮೇ ತಿಂಗಳ ಮೂರನೆಯ ವಾರ. ಮಂಡ್ಯದ ಹೊರಗಿನ ಹೊಸ ಬಡಾವಣೆಯಲ್ಲಿ ಕಟ್ಟುತ್ತಿದ್ದ ಮನೆಯ ತಾರಸಿ ಒಂಬತ್ತು ಗಂಟೆಗೇ ಕಾದ ಹೆಂಚಿನಂತಾಗಿತ್ತು. ಸಿದ್ದಪ್ಪ ಮೇಸ್ತ್ರಿ ಅದರ ಮೇಲೆ ಬರಿಗಾಲಲ್ಲಿ ಓಡಾಡುತ್ತಿದ್ದ. ಚಪ್ಪಲಿ ಮೆಟ್ಟಿಕೊಂಡು ತಾರಸಿ ಕೆಲಸ ಮಾಡುವವನನ್ನು ಅವನು ಮೇಸ್ತ್ರಿ ಎಂದು ಒಪ್ಪುತ್ತಿರಲಿಲ್ಲ.

ಮನೆಯ ಯಜಮಾನರು ಬಂದು, ನೀರೆಲ್ಲ ಈಶಾನ್ಯ ಮೂಲೆಗೇ ಹೋಗಬೇಕು, ಒಂದೇ ಪೈಪು ಸಾಕು ಎಂದರು. ಜೋಯಿಸರು ಹೇಳಿದ್ದರಂತೆ.

"ಆಗಲಿ ಬುದ್ಧಿ. ತಾರಸಿ ನಲವತ್ತಕ್ಕೆ ಇಪ್ಪತ್ತನಾಲ್ಕು ಅಡಿ. ಆ ಮೂಲೆಯಿಂದ ಈ ಮೂಲೆಗೆ ನೂಲು ಹಿಡಿದರೆ ನಲವತ್ತೇಳು ಅಡಿ. ಹತ್ತು ಅಡಿಗೆ ಒಂದೂಕಾಲು ಇಂಚು ವಾಟ ಕೊಡಬೇಕು. ಹಾಗಾದರೆ ನೈಋತ್ಯದಲ್ಲಿ ಎಷ್ಟು ಎತ್ತರ ಬರುತ್ತದೆ? ಮಂಜ, ಹೇಳು."

ಮಂಜ ಮೊಬೈಲ್ ತೆಗೆಯಲು ಜೇಬಿಗೆ ಕೈ ಹಾಕಿದ.

"ಅದು ಬೇಡ."

"ಆರು ಇಂಚಿಗೆ ಸ್ವಲ್ಪ ಕಡಿಮೆ, ತಾತ."

"ಕೇಳಿದಿರಾ? ಇಷ್ಟು ತಾರಸಿಗೆ ಒಂದು ಇಂಚು ಗಾರೆ ಎಂದರೆ ಸುಮಾರು ಐದು ಟನ್. ಸುಮ್ಮನೆ ಮನೆಯ ತಲೆಯ ಮೇಲೆ ಹೊರೆ ಏಕೆ? ನಡುವೆ ಒಂದು ಏಣು ಎತ್ತುತ್ತೇನೆ. ಅರ್ಧ ನೀರು ಈಶಾನ್ಯಕ್ಕೆ, ಅರ್ಧ ವಾಯವ್ಯಕ್ಕೆ. ಆಗ ಎಲ್ಲಿಯೂ ನಾಲ್ಕು ಇಂಚು ಮೀರುವುದಿಲ್ಲ. ಈಶಾನ್ಯಕ್ಕೂ ಅದರ ಪಾಲು ಸಿಕ್ಕಿತಲ್ಲ."

ಯಜಮಾನರು ಜೋಯಿಸರಿಗೆ ಫೋನು ಮಾಡುತ್ತ ಕೆಳಗಿಳಿದರು. ಅರ್ಧ ಗಂಟೆಯ ನಂತರ ಕೆಳಗಿನಿಂದಲೇ ಒಪ್ಪಿಗೆ ಬಂತು.

ಪಾರದರ್ಶಕ ಟ್ಯೂಬಿಗೆ ನೀರು ತುಂಬುವುದು ಮೊದಲ ಕೆಲಸ. ನೀರು ಕಣ್ಣಿಗೆ ಕಾಣಲೆಂದು ಅದರಲ್ಲಿ ಬಟ್ಟೆಗೆ ಹಾಕುವ ನೀಲಿಯ ಎರಡು ಹನಿ ಬಿದ್ದಿತ್ತು. ಮಂಜ ತುಂಬಿಸಿ, ಎರಡೂ ತುದಿಗಳನ್ನು ಹೆಬ್ಬೆರಳಿನಿಂದ ಮುಚ್ಚಿ ತಂದ. ಸಿದ್ದಪ್ಪ ಟ್ಯೂಬನ್ನು ಉದ್ದಕ್ಕೂ ಬೆರಳಿನಿಂದ ತೀಡಿ ತೀಡಿ ನೋಡಿದ.

"ಗುಳ್ಳೆ ಇದೆಯೇ?"

"ಇಲ್ಲ."

"ಸರಿಯಾಗಿ ನೋಡು. ಸಾಸಿವೆಯಷ್ಟು ಗುಳ್ಳೆಗಳು ಒಂದಾದರೆ ನೀರು ಸುಳ್ಳು ಹೇಳುತ್ತದೆ. ನೀರು ತಾನಾಗಿ ಹೇಳುವುದಿಲ್ಲ, ನಾವು ಹೇಳಿಸುತ್ತೇವೆ."

ನಡುವೆ ಎರಡು ಗುಳ್ಳೆಗಳಿದ್ದವು. ಮಂಜ ಟ್ಯೂಬನ್ನು ಎತ್ತಿ ಕೊಡವಿ ಅವನ್ನು ಓಡಿಸಿದ.

ಎರಡು ವರ್ಷಗಳಿಂದ ಅವನ ಪಾಲಿಗೆ ಬರುತ್ತಿದ್ದದ್ದು ಅಲುಗಾಡದ ತುದಿ. ಮೊದಲ ಗುರುತಿಗೆ ನೀರನ್ನು ಹೊಂದಿಸಿಕೊಂಡು ಕಲ್ಲಿನಂತೆ ನಿಲ್ಲುವುದು. ಇನ್ನೊಂದು ತುದಿ ಹಿಡಿದು ಮೂಲೆ ಮೂಲೆ ತಿರುಗಿ, ನೀರು ನಿಂತ ಕಡೆ ಪೆನ್ಸಿಲಿನಿಂದ ಗೀಟು ಎಳೆಯುವುದು ಮೇಸ್ತ್ರಿಯ ಕೆಲಸ. ಇವತ್ತು ಸಿದ್ದಪ್ಪ ಹಳೆಯ ಗುರುತಿನ ಹತ್ತಿರ ತಾನೇ ಕುಳಿತ.

"ಮಂಡಿ ನೋವು. ನೀನು ತಿರುಗು."

ಮಂಡಿ ನೋವಿದ್ದವನು ಬೆಳಿಗ್ಗೆ ಮೂರು ಬಾಂಡ್ಲಿ ಮರಳನ್ನು ಮೆಟ್ಟಿಲಲ್ಲಿ ಹೊತ್ತು ತಂದಿದ್ದ. ಮಂಜ ಏನೂ ಕೇಳಲಿಲ್ಲ. ಹೋದ ವಾರ ಪಕ್ಕದ ಬೀದಿಯ ಮನೆಯಲ್ಲಿ ಮೇಸ್ತ್ರಿ ಎಳೆದ ಗೀಟು ಕಾಲು ಇಂಚು ಮೇಲೆ ಬಿದ್ದದ್ದನ್ನು ಅವನು ನೋಡಿದ್ದ. ಟೀ ಕುಡಿಯುವಾಗ ಲೋಟಕ್ಕೆ ಕೈ ಹಾಕುವ ಮೊದಲು ಆ ಕೈ ನೆಲವನ್ನು ಸವರುವುದನ್ನೂ ನೋಡಿದ್ದ.

"ನಿಮ್ಮ ಕಡೆ ನೀರು ಗೀಟಿಗೆ ಸರಿಯಾಗಿದೆಯೇ, ತಾತ?"

ಸಿದ್ದಪ್ಪ ಟ್ಯೂಬನ್ನು ಮುಖದ ಹತ್ತಿರಕ್ಕೆ ತಂದ, ದೂರ ಹಿಡಿದ, ಮತ್ತೆ ಹತ್ತಿರ ತಂದ.

"ಬಂದು ನೀನೇ ನೋಡಿಬಿಡು. ಎರಡು ಕಡೆಯೂ ಒಂದೇ ಕಣ್ಣು ನೋಡಿದರೆ ಒಳ್ಳೆಯದು."

ಹಾಗೆ ಮಂಜ ಟ್ಯೂಬನ್ನು ಮೊಳೆಗೆ ಕಟ್ಟಿ, ಓಡಾಡಿ ನೋಡಿ, ಪ್ಯಾರಪೆಟ್ ಸುತ್ತ ಸ್ಲ್ಯಾಬಿನಿಂದ ಒಂದು ಅಡಿ ಮೇಲೆ ಸಮಮಟ್ಟದ ಗೀಟು ಹಾಕಿದ. ಮಧ್ಯಾಹ್ನವಾಯಿತು.

"ಈಗ ಮೇಲಿನಿಂದ ಕೆಳಕ್ಕೆ ಅಳೆ. ಸ್ಲ್ಯಾಬಿನಿಂದ ಮೇಲಕ್ಕೆ ಅಳೆಯಬೇಡ. ಕಾಂಕ್ರೀಟು ಹಾಕಿದವನು ಉಬ್ಬುತಗ್ಗು ಮಾಡಿರುತ್ತಾನೆ, ಗೀಟಿಗೆ ಆ ರೋಗವಿಲ್ಲ. ಪೈಪಿನ ಬಾಯಲ್ಲಿ ಗೀಟಿನಿಂದ ಎಷ್ಟು?"

"ಹನ್ನೊಂದು ಇಂಚು. ಅಲ್ಲಿ ಗಾರೆ ಒಂದು ಇಂಚು."

"ಏಣಿನ ಉತ್ತರದ ತುದಿಯಲ್ಲಿ?"

"ಇಪ್ಪತ್ತು ಅಡಿ ದೂರ. ಎರಡೂವರೆ ಏರಬೇಕು. ಎಂಟೂವರೆ."

"ದಕ್ಷಿಣದ ತುದಿಯಲ್ಲಿ?"

"ಓರೆಯಲ್ಲಿ ಮೂವತ್ತೊಂದು ಅಡಿ. ನಾಲ್ಕು ಏರಿದರೆ, ಏಳು."

ಲೆಕ್ಕ ತಪ್ಪದ ಹುಡುಗ ಸಿಕ್ಕಿದ್ದು ಸಿದ್ದಪ್ಪನಿಗೆ ಖುಷಿಯೂ ಹೌದು, ಸ್ವಲ್ಪ ಕಿರಿಕಿರಿಯೂ ಹೌದು. ಅವನಿಗೆ ಇದನ್ನು ಕಲಿಸಿದ ಮೇಸ್ತ್ರಿ ಲೆಕ್ಕವನ್ನೇ ಹೇಳಿರಲಿಲ್ಲ. ಆಗ ಸುಣ್ಣ, ಇಟ್ಟಿಗೆ ಜಲ್ಲಿ, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು. ಹೆಣ್ಣಾಳುಗಳು ಸಾಲಾಗಿ ಕುಳಿತು ಮರದ ಹಲಗೆಯಿಂದ ದಿನಗಟ್ಟಲೆ ಬಡಿಯುತ್ತಿದ್ದರು. ಗಾರೆ ಗಟ್ಟಿಯಾಗುವಷ್ಟರಲ್ಲಿ ವಾಟ ಕೈಗೆ ಬಂದಿರುತ್ತಿತ್ತು. ಸಿಮೆಂಟು ಅಷ್ಟು ಪುರುಸೊತ್ತು ಕೊಡುವುದಿಲ್ಲ.

ಐದೈದು ಅಡಿಗೆ ಒಂದರಂತೆ ಗಾರೆಯ ಗುರುತುಗುಪ್ಪೆಗಳನ್ನಿಟ್ಟು, ನೂಲು ಎಳೆದು ನೆತ್ತಿ ಸವರಿದರು. ಉದ್ದ ನೂಲು ನಡುವೆ ಜೋತುಬೀಳುತ್ತದೆಂದು ಹತ್ತು ಅಡಿಗೆ ಮೀರಿ ಎಳೆಯಲು ಸಿದ್ದಪ್ಪ ಬಿಡಲಿಲ್ಲ. ಮರುದಿನ ಸ್ಲ್ಯಾಬನ್ನು ನೆನೆಸಿ, ಸಿಮೆಂಟು ಹಾಲು ಎರಚಿ, ಒಂದಕ್ಕೆ ನಾಲ್ಕರ ಗಾರೆ ಹಾಕುತ್ತ ದೂರದ ಮೂಲೆಯಿಂದ ಪೈಪಿನ ಕಡೆಗೆ ಬಂದರು. ಗುಪ್ಪೆಯಿಂದ ಗುಪ್ಪೆಗೆ ಮಟ್ಟಗೋಲು ಎಳೆದವನು ಮಂಜ. ಗೋಡೆಯ ಬುಡವನ್ನು ಗುಂಡಗೆ ತಿರುವಿದವನೂ ಅವನೇ. ವಾಯವ್ಯದ ಪೈಪಿನ ಬಾಯಿಗೆ ಬಂದಾಗ ಮಾತ್ರ ಸಿದ್ದಪ್ಪ ಕರಣೆ ಕಿತ್ತುಕೊಂಡ.

"ಬಾಯಿ ನನಗೆ ಬಿಡು. ತಾರಸಿ ಎಲ್ಲ ಸರಿಯಿದ್ದು ಬಾಯಿ ಕೆಟ್ಟರೆ ಎಲ್ಲ ಕೆಟ್ಟ ಹಾಗೆ."

ಮೊಣಕಾಲೂರಿ, ಎಡಗೈ ಬೆರಳಿನಲ್ಲಿ ತಡವಿ ತಡವಿ, ಬಲಗೈಯಲ್ಲಿ ಕರಣೆ ಆಡಿಸುತ್ತ ಅವನು ಮುಕ್ಕಾಲು ಗಂಟೆ ಅಲ್ಲೇ ಇದ್ದ. ಆ ಕೈಯ ಓಟ ನೋಡುತ್ತ ಮಂಜ ಗಾರೆ ಕಲಸುವುದನ್ನೇ ಮರೆತ.

ಏಳು ದಿನ ಗೋಣಿಚೀಲ ಹೊದಿಸಿ ನೀರು ಕುಡಿಸಿದರು. ಎಂಟನೆಯ ಸಂಜೆ ಸಿದ್ದಪ್ಪ ಸಂಬಳ ಬಟವಾಡೆಗೆಂದು ಬೇಗ ಹೋದ. ಮಂಜ ಚೀಲಗಳನ್ನು ಎತ್ತಿ, ಏಣಿನ ಮೇಲೆ ನಿಂತು ಎರಡು ಕಡೆಗೂ ಕೊಡಗಟ್ಟಲೆ ನೀರು ಸುರಿದ. ನೀರು ಗಡಿಬಿಡಿಯಿಲ್ಲದೆ ಹಾಳೆಯಂತೆ ಜಾರಿತು. ಈಶಾನ್ಯ ಒಣಗಿತು. ವಾಯವ್ಯದಲ್ಲಿ, ಪೈಪಿಗೆ ಒಂದು ಮೊಳ ಹಿಂದೆ, ಊಟದ ತಟ್ಟೆಯಷ್ಟು ನೀರು ನಿಂತಿತು. ಆಳವೇನೂ ಇಲ್ಲ, ಒಂದು ರೂಪಾಯಿ ನಾಣ್ಯ ಮುಳುಗಿದರೆ ಹೆಚ್ಚು. ಆದರೆ ಅದರಲ್ಲಿ ಆಕಾಶ ಕಾಣುತ್ತಿತ್ತು.

ಮಂಜ ಹತ್ತು ನಿಮಿಷ ಕಾದ. ನೀರು ಕದಲಲಿಲ್ಲ. ಕೆಳಗಿಳಿದು ಉಳಿ, ಸುತ್ತಿಗೆ ತಂದ.

ಬೆಳಿಗ್ಗೆ ಸಿದ್ದಪ್ಪ ಎಂದಿನಂತೆ ಬರಿಗಾಲಲ್ಲಿ ತಾರಸಿಯನ್ನು ಅಡ್ಡಡ್ಡ, ಉದ್ದುದ್ದ ನಡೆದ. ಏಣು ದಾಟಿ ವಾಯವ್ಯಕ್ಕೆ ಬಂದವನು ಪೈಪಿನ ಹತ್ತಿರ ನಿಂತ. ಬಲಗಾಲ ಹೆಬ್ಬೆರಳಿನಿಂದ ನೆಲವನ್ನು ಎರಡು ಸಲ ಒತ್ತಿದ.

"ಇಲ್ಲಿ ತಂಪು. ಗಾರೆ ಹಸಿ ಇದೆ."

ಮಂಜ ಬಾಂಡ್ಲಿ ತೊಳೆಯುವುದನ್ನು ನಿಲ್ಲಿಸಿದ. "ನೀರು ನಿಂತಿತ್ತು, ತಾತ."

"ಎಷ್ಟು?"

"ತಟ್ಟೆಯಷ್ಟು."

"ಕಿತ್ತದ್ದು?"

"ಅದರ ಎರಡರಷ್ಟು ಅಗಲ."

"ಅಂಚು?"

"ಚೌಕವಾಗಿ ಕತ್ತರಿಸಿದೆ. ತೆಳ್ಳಗೆ ಬಿಡಲಿಲ್ಲ, ಒಂದು ಇಂಚೂ ಇಳಿಸಿದೆ."

"ಹಾಲು ಬಳಿದೆಯಾ?"

"ಬಳಿದೆ. ಅದಕ್ಕೂ ಮೊದಲು ನೆನೆಸಿದ್ದೆ."

ಸಿದ್ದಪ್ಪ ಕುಕ್ಕರಗಾಲಲ್ಲಿ ಕುಳಿತು ಅಂಗೈಯನ್ನು ಹೊಸ ಗಾರೆಯಿಂದ ಹಳೆಯದಕ್ಕೆ, ಹಳೆಯದರಿಂದ ಹೊಸದಕ್ಕೆ ಸವರಿದ. ಕೂಡಿದ ಗೆರೆ ಕೈಗೆ ಸಿಕ್ಕಲಿಲ್ಲ. ಇನ್ನೊಮ್ಮೆ ಸವರಿದ.

"ಒಂದು ಗೋಣಿಚೀಲ ತಂದು ಹಾಕು. ಬಿಸಿಲು ಏರುತ್ತಿದೆ," ಎಂದ. ಚೀಲ ಬಂದ ಮೇಲೆ, ಅದನ್ನು ತಾನೇ ನೆನೆಸಿ ಹೊದಿಸುತ್ತ ಕೇಳಿದ: "ಆಸ್ಪತ್ರೆಯಲ್ಲಿ ಕಣ್ಣಿನ ಡಾಕ್ಟರು ಯಾವ ದಿನ ಇರುತ್ತಾರೆ, ಗೊತ್ತೇನೋ?"